ಕ್ಯಾರೊಸೆಲ್‌ನಿಂದ ರೀಲ್: ಯಾವ ಸಾಲು ಕಣ್ಣಿಗೆ, ಯಾವುದು ಕಿವಿಗೆ?

ಹೊಸನಗರದ ಮೆಣಸು ಬೆಳೆಗಾರ: ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಒಂಬತ್ತು ಸ್ಲೈಡಿನ ಕ್ಯಾರೊಸೆಲ್ ಹಾಕಿದ್ದೇನೆ. ಅದನ್ನೇ 45 ಸೆಕೆಂಡಿನ ರೀಲ್ ಮಾಡಿ ನನ್ನ ದನಿ ಕೊಡಬೇಕು ಅಂತಿದ್ದೇನೆ. ಯಾವ ಸಾಲು ಉಳಿಸಲಿ, ಯಾವುದು ಕತ್ತರಿಸಲಿ, ಯಾವುದನ್ನು ಬೇರೆ ಥರ ಹೇಳಲಿ? ಮಾಡಿ ನೋಡಿದವರು ಅನುಭವ ಹೇಳಿ.

ಆಗುಂಬೆ ಕಡೆ ಹೋಮ್‌ಸ್ಟೇ: ನಾನು ದುಡ್ಡು ಕೊಟ್ಟು ಮಾಡಿಸಿದವಳು, ನನ್ನ ಕಥೆ ಕೇಳಿ. ಮಳೆಗಾಲಕ್ಕೆ ಬರುವವರು ಏನೇನು ತರಬೇಕು ಅಂತ ಒಂದು ಕ್ಯಾರೊಸೆಲ್ ಇತ್ತು. ಅದನ್ನು ಶಿವಮೊಗ್ಗದ ಒಂದು ಸ್ಟುಡಿಯೋಗೆ ಕೊಟ್ಟೆ. ದನಿಗೆ 3,500, ಎಡಿಟಿಂಗಿಗೆ 4,000. ತಿದ್ದಬೇಕು ಅಂದರೆ ಪ್ರತಿ ಸಲ 500 ಬೇರೆ. ಅವರು ಮಾಡಿದ್ದೇನು ಗೊತ್ತಾ? ಸ್ಲೈಡ್‌ನಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಓದಿಸಿದರು. "ಸೂಚನೆ: ಇಂಬಳಗಳಿಂದ ರಕ್ಷಣೆಗಾಗಿ ಉಪ್ಪು ಹಾಗೂ ಉದ್ದನೆಯ ಕಾಲುಚೀಲ ಕಡ್ಡಾಯ" ಅಂತ ಬಸ್‌ಸ್ಟ್ಯಾಂಡಿನ ಮೈಕಿನ ಹಾಗೆ ಒಂದು ದನಿ. ಕೊನೆಗೆ "ಎಡಕ್ಕೆ ಸ್ವೈಪ್ ಮಾಡಿ" ಅನ್ನುವುದನ್ನೂ ಓದಿಬಿಟ್ಟಿದ್ದಾರೆ! ರೀಲ್‌ನಲ್ಲಿ ಎಡಕ್ಕೆ ಎಲ್ಲಿಗೆ ಹೋಗೋದು? ರೀಲ್ ಆದದ್ದು ಎರಡು ನಿಮಿಷಕ್ಕೂ ಉದ್ದ. ತಿದ್ದುಪಡಿಗೆ ಮತ್ತೆ 500, ಮತ್ತೆ 500. ನನ್ನ ಮಾತು ಇಷ್ಟೇ: ಬರೆದದ್ದನ್ನು ಬಾಯಲ್ಲಿ ಹೇಳಲೇಬೇಡಿ. ಕಣ್ಣಿಗೆ ಒಂದು ಕೊಡಿ, ಕಿವಿಗೆ ಪೂರ್ತಿ ಬೇರೆಯದು ಕೊಡಿ.

ಸಾಗರದ ಅಡಿಕೆ ತೋಟ: ಓದಿಸಬಾರದು ಅನ್ನೋದು ಸರಿ. ಪೂರ್ತಿ ಬೇರೆಯದು ಕೊಡಿ ಅನ್ನೋದು ತಪ್ಪು. ಪರದೆಯಲ್ಲಿ ಒಂದು ವಾಕ್ಯ, ದನಿಯಲ್ಲಿ ಇನ್ನೊಂದು ವಾಕ್ಯ ಇದ್ದರೆ ನೋಡುವವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಹೇಳುವ ವಾಕ್ಯದ್ದೇ ಎರಡು ಮೂರು ಪದ ಪರದೆ ಮೇಲೆ ಬರಬೇಕು, ಅದೇ ಹೊತ್ತಿಗೆ ಬರಬೇಕು.

ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಕಲಸುವ ನನ್ನ ಕ್ಯಾರೊಸೆಲ್ ಎಂಟು ಸ್ಲೈಡಿನದ್ದು, ಒಟ್ಟು 190 ಪದ. ಗಡಿಬಿಡಿ ಇಲ್ಲದೆ ಮಾತಾಡಿದರೆ ನನಗೆ ಸೆಕೆಂಡಿಗೆ ಎರಡು ಪದ. ಅಂದರೆ 45 ಸೆಕೆಂಡಿಗೆ ತೊಂಬತ್ತು. ಅರ್ಧಕ್ಕಿಂತ ಜಾಸ್ತಿ ಹೋಗಲೇಬೇಕು. ರೋಗಾಣುವಿನ ಹೆಸರು, "ನಿಮಗೆ ಗೊತ್ತೇ?" ಅನ್ನುವ ಸ್ಲೈಡ್, "ಮೇಲಿನ ಚಿತ್ರದಲ್ಲಿ ಕಾಣುವಂತೆ" ಅನ್ನುವ ಸಾಲುಗಳನ್ನೆಲ್ಲ ತೆಗೆದೆ. ಕ್ಯಾರೊಸೆಲ್‌ನಲ್ಲಿ ಜನ ಹಿಂದಿನ ಸ್ಲೈಡಿಗೆ ಹೋಗಿ ನೋಡುತ್ತಾರೆ. ರೀಲ್‌ನಲ್ಲಿ ಯಾರೂ ಹಿಂದಕ್ಕೆ ಹೋಗುವುದಿಲ್ಲ.

ಅಳತೆಯ ಸ್ಲೈಡ್ ಮಾತ್ರ ಮುಟ್ಟಲಿಲ್ಲ. "ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್" ಪರದೆಯಲ್ಲಿ ಹಾಗೇ ನಿಂತಿದೆ, ಜನ ಅದನ್ನು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಬಾಯಲ್ಲಿ ಹೇಳಿದ್ದು "ಮೈಲುತುತ್ತು, ಸುಣ್ಣ ಎರಡೂ ಸಮ, ನೂರು ಲೀಟರಿಗೆ ಒಂದೊಂದು ಕೆಜಿ" ಅಂತ. "ಶೇ. 1ರ ದ್ರಾವಣ" ಅಂತ ಬರೆದರೆ ನಡೆಯುತ್ತದೆ. ಕಿವಿಗೆ ಹೇಳಿದರೆ ಯಾರ ತಲೆಗೂ ಹೋಗಲ್ಲ.

ತುಂಬ ಕಷ್ಟ ಕೊಟ್ಟದ್ದು ಐದನೇ ಸ್ಲೈಡ್. ಅದರಲ್ಲಿ "ಮೈಲುತುತ್ತಿನ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ಸುರಿಯಬೇಕು" ಅಂತಿತ್ತು. ಓದುವವನಿಗೆ ಸ್ಪಷ್ಟ. ನಮ್ಮ ಕೊನೆಗಾರನಿಗೆ ಕೇಳಿಸಿ "ಯಾವುದಕ್ಕೆ ಯಾವುದು?" ಅಂತ ಕೇಳಿದರೆ ತಿರುಗಾಮುರುಗಾ ಹೇಳಿದ. "ಅನ್ನು", "ಕ್ಕೆ" ಎರಡೂ ಪದದ ಬಾಲದಲ್ಲಿವೆ, ಮಾತಿನ ಓಟದಲ್ಲಿ ಕೇಳುವುದೇ ಇಲ್ಲ. ಅದಕ್ಕೆ ಕೆಲಸ ನಡೆಯುವ ಕ್ರಮದಲ್ಲೇ ಒಡೆದೆ: "ಸುಣ್ಣದ ನೀರು ಮೊದಲೇ ಡ್ರಮ್ಮಿನಲ್ಲಿ ಇರಲಿ. ಮೈಲುತುತ್ತಿನ ನೀರನ್ನ ಅದರ ಮೇಲೆ ಸುರೀರಿ. ಸುರಿಯುವಾಗ ಕಲಕ್ತಾ ಇರಿ." ಎಂಟು ಪದ ಜಾಸ್ತಿ ಆದರೂ ಪರವಾಗಿಲ್ಲ. ಇಲ್ಲಿ ಪದ ಉಳಿಸಲು ಹೋದರೆ ದ್ರಾವಣವೇ ಕೆಡುತ್ತದೆ.

ಚಾಕುವಿನ ಸ್ಲೈಡಿಗೆ ದನಿಯೇ ಕೊಡಲಿಲ್ಲ. ಹೊಳೆಯುವ ಕಬ್ಬಿಣದ ಚಾಕು ದ್ರಾವಣದಲ್ಲಿ ಅದ್ದಿ ಎತ್ತಿದಾಗ ಅಲಗು ಕೆಂಪಗಾಗುವುದನ್ನು ಹತ್ತಿರದಿಂದ ತೋರಿಸಿ, ಕೆಳಗೆ "ಕೆಂಪಾದರೆ ಸುಣ್ಣ ಸಾಲದು" ಅಂತ ಹಾಕಿದೆ.

ಭದ್ರಾವತಿ ಹುಡುಗ: ಇಷ್ಟೆಲ್ಲ ಯಾಕೆ ಸಾರ್? ಕ್ಯಾರೊಸೆಲ್‌ಗೇ ಹಾಡು ಹಾಕೋ ಆಪ್ಷನ್ ಇದೆಯಲ್ಲ. ನಾನು ಬೈಕ್ ಫೋಟೋಗಳಿಗೆ ಹಾಗೇ ಮಾಡೋದು. ಒಂದು ರೂಪಾಯಿ ಖರ್ಚಿಲ್ಲ.

ಆಗುಂಬೆ ಕಡೆ ಹೋಮ್‌ಸ್ಟೇ: ತಮ್ಮಾ, ಅವರು ಕೇಳಿದ್ದು ದನಿ ಕೊಡುವ ಬಗ್ಗೆ. ಪ್ರಶ್ನೆ ಓದು.

ಸಾಗರದವರೇ, ನಿಮ್ಮದು ತೋಟದ ವಿಡಿಯೋ, ಕೈಕೆಲಸ ತೋರಿಸಬಹುದು. ನನ್ನದು ಬರೀ ಪಟ್ಟಿ. ಪಟ್ಟಿಯಲ್ಲಿರುವ ಪದಗಳನ್ನೇ ಪರದೆಗೂ ಹಾಕಿ ಬಾಯಲ್ಲೂ ಹೇಳಿದರೆ ಮತ್ತೆ ಆ ಸ್ಟುಡಿಯೋದವರ ಕೆಲಸವೇ ಆಯ್ತಲ್ಲ? ನಾನು ಆಮೇಲೆ ಮನೆಯಲ್ಲೇ ರೆಕಾರ್ಡ್ ಮಾಡಿದೆ. ಪರದೆಯಲ್ಲಿ "ಉಪ್ಪು", ದನಿಯಲ್ಲಿ "ಇಂಬಳ ಹತ್ತಿದರೆ ಕಿತ್ತು ಎಳೀಬೇಡಿ". ಅದೂ ಸುಲಭ ಇರಲಿಲ್ಲ. ಹಂಚಿನ ಮೇಲೆ ಮಳೆ, ಸಂಜೆಯಾದರೆ ಜೀರುಂಡೆ, ನಡುವೆ ಕರೆಂಟ್ ಇಲ್ಲ. 1,200 ಕೊಟ್ಟು ತಂದ ಕಾಲರ್ ಮೈಕು ಮಳೆಯನ್ನೇ ಚೆನ್ನಾಗಿ ಹಿಡಿಯಿತು. ಕೊನೆಗೆ ಕಂಬಳಿ ಹೊದ್ದು, ಫೋನನ್ನು ಬಾಯಿಗೆ ಒಂದು ಗೇಣು ದೂರ ಹಿಡಿದು ಮಾತಾಡಿದೆ. ದನಿ ಅದರಲ್ಲೇ ಚೆನ್ನಾಗಿ ಬಂತು.

ಸಾಗರದ ಅಡಿಕೆ ತೋಟ: ನೀವು ಮಾಡಿದ್ದೂ ಅದೇ ಅಲ್ವಾ ಮಾರಾಯ್ರೆ? ಪರದೆಯಲ್ಲಿ ವಸ್ತು, ದನಿಯಲ್ಲಿ ಅದರದ್ದೇ ಕೆಲಸ. ಪೂರ್ತಿ ಬೇರೆ ಎಲ್ಲಾಯ್ತು?

ಆಗುಂಬೆ ಕಡೆ ಹೋಮ್‌ಸ್ಟೇ: ದನಿಯಲ್ಲಿ "ಉಪ್ಪು" ಅನ್ನುವ ಪದವೇ ಇಲ್ಲ, ಇನ್ನೊಮ್ಮೆ ಓದಿ. ಹೇಳುವ ವಾಕ್ಯದ್ದೇ ಪದ ಬರಬೇಕು ಅಂದವರು ನೀವು. ಚಾಕುವಿಗೆ ನೀವೇ ಬಾಯಿ ಮುಚ್ಚಿದ್ದೀರಿ.

ಕೊಪ್ಪದ ಹಳೇ ಬೆಳೆಗಾರ: ವಿಡಿಯೋ ವಿಷಯ ನನಗೆ ಬೇಡ. ಬರೀ "ಸುಣ್ಣ 1 ಕೆಜಿ" ಅಂದರೆ ಯಾವ ಸುಣ್ಣ? ಕಲ್ಲುಸುಣ್ಣವೋ, ಅಂಗಡಿಯ ಪ್ಯಾಕೆಟ್ ಪುಡಿಯೋ? ಗಾಳಿಗೆ ಬಿಟ್ಟು ಹಳೇದಾದ ಪುಡಿಯಲ್ಲಿ ಕಸುವು ಇರಲ್ಲ. ಅದನ್ನೇ ಒಂದು ಕೆಜಿ ಹಾಕಿ ಸರಿಯಾಯ್ತು ಅಂದುಕೊಂಡವರ ತೋಟದಲ್ಲಿ ಎಳೇ ಕಾಯಿ ಸುಟ್ಟದ್ದನ್ನು ನಾನು ನೋಡಿದ್ದೇನೆ. ಈ ಮಾತನ್ನು ಕತ್ತರಿಸಿ 45 ಸೆಕೆಂಡ್ ಮಾಡುವ ಹಾಗಿದ್ದರೆ ಮಾಡಲೇಬೇಡಿ.

ಸಾಗರದ ಅಡಿಕೆ ತೋಟ: ಅದಕ್ಕೇ ಚಾಕು ಇಟ್ಟಿರೋದು. ಸುಣ್ಣ ಯಾವುದೇ ಇರಲಿ, ಕಡಿಮೆ ಬಿದ್ದರೆ ಅಲಗೇ ಹೇಳುತ್ತದೆ. ಸುಣ್ಣದ ಜಾತಿ ಕ್ಯಾಪ್ಷನ್‌ನಲ್ಲಿದೆ.

ಕೊಪ್ಪದ ಹಳೇ ಬೆಳೆಗಾರ: ಕ್ಯಾಪ್ಷನ್ ಯಾರು ಓದುತ್ತಾರೆ? ನಮ್ಮ ಕಡೆ ಕೆಲಸದವರು ವಿಡಿಯೋ ನೋಡಿ ನೇರ ಡ್ರಮ್ಮಿಗೆ ಕೈಹಾಕುತ್ತಾರೆ. ತಪ್ಪಿದರೆ ಕೆಲಸ ಕೆಡುವಂಥ ಮಾತು ದನಿಯಲ್ಲೇ ಇರಬೇಕು.

ಭದ್ರಾವತಿ ಹುಡುಗ: ಇದು ಸುಣ್ಣದ ಚರ್ಚೆ ಆಗೋಯ್ತು.

ಹೊಸನಗರದ ಮೆಣಸು ಬೆಳೆಗಾರ: ಎಲ್ಲರಿಗೂ ಥ್ಯಾಂಕ್ಸ್. ನನ್ನ ಏಳನೇ ಸ್ಲೈಡ್ ಹೀಗಿದೆ: "ಬಳ್ಳಿಯ ಬುಡಕ್ಕೆ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್ ದ್ರಾವಣವನ್ನು ಪ್ರತಿ ಬಳ್ಳಿಗೆ 5ರಿಂದ 10 ಲೀಟರಿನಂತೆ ಸುರಿಯುವುದು." ಇದನ್ನು ಏನು ಮಾಡಲಿ?

ಸಾಗರದ ಅಡಿಕೆ ತೋಟ: ಬಾಯಲ್ಲಿ: "ಲೀಟರಿಗೆ ಎರಡು ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ. ಒಂದೊಂದು ಬಳ್ಳಿಯ ಬುಡಕ್ಕೂ ಐದರಿಂದ ಹತ್ತು ಲೀಟರ್ ಹುಯ್ಯಿರಿ." ಪರದೆಯಲ್ಲಿ: "1 ಲೀಟರಿಗೆ 2 ಗ್ರಾಂ. ಬಳ್ಳಿಗೆ 5–10 ಲೀಟರ್." ಹಳೇ ಸ್ಲೈಡನ್ನು ಹಾಗೇ ಎತ್ತಿ ಹಾಕಬೇಡಿ. ಅದು 1080×1350, ರೀಲ್ 1080×1920. ಕೆಳಗಡೆ ಕ್ಯಾಪ್ಷನ್, ಬಲಕ್ಕೆ ಬಟನ್‌ಗಳು ಕೂರುತ್ತವೆ. ಅಳತೆಯನ್ನು ನಡುವಿಗೆ ತನ್ನಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ.

ಕೊಪ್ಪದ ಹಳೇ ಬೆಳೆಗಾರ: ಎರಡು ಗ್ರಾಂ ತೂಗಲು ಯಾರ ಮನೆಯಲ್ಲಿ ತಕ್ಕಡಿ ಇದೆ? "ನೂರು ಲೀಟರಿಗೆ 200 ಗ್ರಾಂ" ಅನ್ನಿ.

ಸಾಗರದ ಅಡಿಕೆ ತೋಟ: ಹೌದು, ಅದೇ ಇರಲಿ. ಡ್ರಮ್ಮಿನ ಲೆಕ್ಕವೇ ಹೇಳಿ.