ಲಿಫ್ಟ್ ಹತ್ತದವರ ಬಜೆಟ್

"ನಾನು ಲಿಫ್ಟ್ ಹತ್ತಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಎಂದ ಕಿಟ್ಟಿ. ಭಾನುವಾರ ಬೆಳಗ್ಗೆ, ಗೇಟಿನ ಪಕ್ಕದ ಕಲ್ಲುಬೆಂಚು. ಖಜಾಂಚಿ ವಿಶ್ವ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಂದಿನ ವರ್ಷದ ಬಜೆಟ್ ಕುಟ್ಟುತ್ತಿದ್ದ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ತಿಂಗಳಿಗೆ ಚದರಡಿಗೆ 3 ರೂಪಾಯಿ ಇದ್ದದ್ದು ಮೂರೂವರೆ ಆಗುತ್ತದೆ ಎಂಬ ಸುದ್ದಿ ಹೇಗೋ ಹೊರಗೆ ಬಂದಿತ್ತು.

"ನೋಡಿಲ್ಲ," ಎಂದಳು ಪದ್ದಕ್ಕ. "ಗ್ರೌಂಡ್ ಫ್ಲೋರಿನವರು ಲಿಫ್ಟ್ ಹತ್ತಿದರೆ ನಾವು ಡಾಕ್ಟರನ್ನ ಕರೆಸಬೇಕಾಗುತ್ತೆ."

"ಮತ್ತೆ ನಾನ್ಯಾಕೆ ಲಿಫ್ಟಿನ ದುಡ್ಡು ಕೊಡಬೇಕು? ಈಗೆಲ್ಲಾ ಬಳಸಿದಷ್ಟಕ್ಕೇ ಕಾಸು. ಫೋನಿಗೆ ಹಾಗೆ, ಬಾಡಿಗೆ ಕಾರಿಗೆ ಹಾಗೆ. ಮೇಂಟೆನೆನ್ಸಿಗೆ ಮಾತ್ರ ಹಳೇ ಕಾಲ!"

"ಆಯ್ತು, ಕಿಟ್ಟಿ ಸ್ಕೀಮೇ ಮಾಡೋಣ. ವಿಶ್ವ, ಎರಡು ಲಿಫ್ಟಿಗೆ ವರ್ಷಕ್ಕೆ ಎಷ್ಟು?"

"ಸರ್ವೀಸ್ ಕಾಂಟ್ರ್ಯಾಕ್ಟು, ಕರೆಂಟು ಸೇರಿ 1,44,000."

"60 ಮನೆಗೆ ಹಂಚಿದರೆ ತಿಂಗಳಿಗೆ ತಲಾ 200. ಕೆಳಗಿನ 12 ಮನೆ ಬಿಟ್ಟರೆ ಉಳಿದವರಿಗೆ 250. ಕಿಟ್ಟಿಗೆ 200 ರೂಪಾಯಿ ಉಳೀತು. ಈಗ ನೀರಿಗೆ ಬಾ. ಸಂಪಿನಿಂದ ಮೋಟರು ನೀರನ್ನ ಐದು ಮಹಡಿ ಮೇಲಿನ ಟ್ಯಾಂಕಿಗೆ ಹತ್ತಿಸುತ್ತೆ, ಅಲ್ಲಿಂದ ನಿಮ್ಮ ಬಚ್ಚಲಿಗೆ ಇಳಿಯುತ್ತೆ. ನೀವು ಲಿಫ್ಟ್ ಹತ್ತಲ್ಲ ಕಿಟ್ಟಿ, ನಿಮ್ಮ ನೀರು ದಿನಾ ಹತ್ತಿ ಇಳಿದು ಮಾಡುತ್ತೆ. ಅದರ ಟಿಕೆಟ್ ಯಾರು ತಗೋಬೇಕು?"

ಕಿಟ್ಟಿ ನೀರಿನ ವಿಚಾರ ಬಿಟ್ಟು ತಾರಸಿಗೆ ಹೋದ. ತಾರಸಿ ಸೋರಿದರೆ ಐದನೇ ಮಹಡಿಯವರದ್ದಂತೆ. "ಸರಿ," ಎಂದಳು ಪದ್ದಕ್ಕ, "ಮಳೆ ಬಂದು ಬೇಸ್‌ಮೆಂಟಿನಲ್ಲಿ ನೀರು ನಿಂತಾಗ ಪಂಪ್ ಹಾಕೋದು ನಿಮ್ಮ ಒಬ್ಬರದ್ದು. ಐದನೇ ಮಹಡಿಯವರು ಬಾಲ್ಕನಿಯಲ್ಲಿ ನಿಂತು ನೋಡ್ತಾರೆ. ಅದಕ್ಕೂ ಟಿಕೆಟ್ ಇಡೋಣ."

ಇಂಥ ಜಗಳ ಹೊಸದೇನಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ: ಸಾಮಾನ್ಯ ಜಾಗ, ಸೌಕರ್ಯಗಳನ್ನು ನಾನು ಬಳಸೋದಿಲ್ಲ ಅಂತಲೋ, ಮನೆಯನ್ನೇ ಬಿಟ್ಟು ಹೋಗಿದ್ದೀನಿ ಅಂತಲೋ ಹೇಳಿ ಯಾರೂ ತಮ್ಮ ಪಾಲಿನ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಪದ್ದಕ್ಕ ಇದನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ. "ಕಿಟ್ಟಿ ಬರ್ತಾನೆ ಅಂತ ಆಗಲೇ ಅವರಿಗೆ ಗೊತ್ತಿತ್ತು," ಎಂದಳು.

"ಹಾಗಾದ್ರೆ ಲೆಕ್ಕಾನಾದ್ರೂ ಸರಿಯಾಗಿ ಹಾಕಿ," ಎಂದ ಕಿಟ್ಟಿ. "ಟ್ಯಾಂಕರ್ ನೀರಿಗೆ 2,90,000 ಅಂತೆ! ನವೆಂಬರಿನ ಬಿಲ್ ನಾನೇ ನೋಡಿದ್ದೀನಿ, 9,000. ಹನ್ನೆರಡರಿಂದ ಗುಣಿಸಿ. ಒಂದು ಲಕ್ಷದ ಮೇಲೆ ಎಂಟು ಸಾವಿರ, ಮುಗೀತು."

ವಿಶ್ವ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಏಪ್ರಿಲ್ ಒಂದೇ ತಿಂಗಳು 61,000. ಬೋರ್‌ವೆಲ್ ಮಾರ್ಚಿನಲ್ಲಿ ಕೆಮ್ಮಲು ಶುರು ಮಾಡಿದರೆ ಮಳೆ ಬರುವ ತನಕ ಟ್ಯಾಂಕರೇ ಗತಿ. ಹೋದ ವರ್ಷದ ಬಜೆಟ್ ನೋಡಿ ಈ ವರ್ಷದ್ದು ಬರೆಯಬಾರದು. ಹನ್ನೆರಡು ತಿಂಗಳೂ ಬ್ಯಾಂಕಿನಿಂದ ನಿಜವಾಗಿ ಹೋದ ದುಡ್ಡನ್ನು ಸಾಲಾಗಿ ಇಟ್ಟುಕೊಂಡು ಬರೆಯಬೇಕು. ಹಾಗೆ ಇಟ್ಟಾಗಲೇ ಹುಳುಕು ಹೊರಗೆ ಬಂದದ್ದು. ನಮ್ಮ 74,000 ಚದರಡಿಗೆ 3 ರೂಪಾಯಿಯಂತೆ ವರ್ಷಕ್ಕೆ ಬರೋದು 26,64,000. ಹೋಗಿದ್ದು 27,60,000.

"ಆ 96,000 ಎಲ್ಲಿಂದ ಬಂತು?" ಎಂದರು ಶಾಮಣ್ಣ.

"ದೊಡ್ಡ ರಿಪೇರಿಗೆ ಅಂತ ಎತ್ತಿಟ್ಟ ಸಿಂಕಿಂಗ್ ಫಂಡಿನಿಂದ," ಎಂದ ವಿಶ್ವ, ಕತ್ತು ತಗ್ಗಿಸಿ. "ಹಿಂದಿನ ಕಮಿಟಿಯವರು ತೆಗೆದಿದ್ದು."

"ದರ ಏರಿಸದ ಕಮಿಟಿ ಅಂತ ಅವರಿಗೆ ಶಾಲು ಹೊದಿಸಿದೆವಲ್ಲ," ಎಂದಳು ಪದ್ದಕ್ಕ. "ಆ ಶಾಲೂ ಅದೇ ಫಂಡಿನದ್ದು."

ಕಿಟ್ಟಿ ಸೆಕ್ಯುರಿಟಿಯವರ ಬೆನ್ನು ಹತ್ತಿದ. ಏಜೆನ್ಸಿಯವರು ವರ್ಷಕ್ಕೆ 86,000 ಜಾಸ್ತಿ ಕೇಳಿದ್ದಾರೆ, ಚೌಕಾಸಿ ಮಾಡಬಾರದೇ? ಮಾಡಬಹುದು, ಆದರೆ ಏಜೆನ್ಸಿಯ ಕಮಿಷನ್ ಮೇಲೆ ಮಾತ್ರ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ. ಸಂಬಳ ಏರಿದರೆ ಅದರ ಮೇಲಿನ ಪಿಎಫ್, ಇಎಸ್‌ಐ ಏರುತ್ತವೆ, ಕೊನೆಗೆ ಇಡೀ ಬಿಲ್ಲಿನ ಮೇಲೆ 18% ಜಿಎಸ್‌ಟಿ. ತೀರಾ ಕಮ್ಮಿಗೆ ಒಪ್ಪಿಕೊಳ್ಳುವ ಏಜೆನ್ಸಿ ಬಂತು ಅಂದರೆ ಅನುಮಾನ ಪಡಬೇಕು. ಗಾರ್ಡಿನ ಪಿಎಫ್ ಕಟ್ಟಿದ ಚಲನ್ ಕೇಳಿದ ದಿನ ಅವರ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಶಾಮಣ್ಣ ಮೆಲ್ಲಗೆ ಕೆಮ್ಮಿದರು. "ನಮ್ಮ ಹುಡುಗನ ಫ್ಲ್ಯಾಟ್ ಬೀಗ ಹಾಕಿಯೇ ಇದೆ. ಒಂದು ಲೋಟ ನೀರೂ ಖರ್ಚಾಗಲ್ಲ. ಏನಾದ್ರೂ ರಿಯಾಯಿತಿ..."

"ಬೀಗ ಹಾಕಿದ ಮನೆಗೇ ವಾಚ್‌ಮನ್ ಜಾಸ್ತಿ ಬೇಕು ಶಾಮಣ್ಣ," ಎಂದಳು ಪದ್ದಕ್ಕ. "ನೀರಿಗೆ ಮನೆಮನೆಗೂ ಮೀಟರ್ ಹಾಕಿಸಿದರೆ ಆ ಭಾಗ ನಿಜವಾಗಲೂ ಉಳಿಯುತ್ತೆ. ಬಳಕೆ ಜೊತೆ ಏರಿ ಇಳಿಯೋ ಖರ್ಚು ಅದೇ. ಗಾರ್ಡಿಗೆ ಅರ್ಧ ನಿದ್ದೆ ಮಾಡು ಅನ್ನೋಕಾಗುತ್ತಾ?"

"ಅದೂ ಸರಿ. ಗೋಡೆಗೆ ಬಣ್ಣ ಹೊಡೆಸೋದು ಯಾವಾಗ ಅಂತಿದ್ದೀರಿ?"

"ಐದು ವರ್ಷಕ್ಕೆ. 9 ಲಕ್ಷ ಬೇಕು. ಅದಕ್ಕೇ ವರ್ಷಕ್ಕೆ 1,80,000 ಬೇರೆ ಖಾತೆಗೆ ಎತ್ತಿಡೋದು."

"ಐದು ವರ್ಷ," ಎಂದರು ಶಾಮಣ್ಣ. "ಅವನೂ ಐದು ವರ್ಷ ಅಂತಲೇ ಹೋಗಿದ್ದು. ಈಗ ಹನ್ನೊಂದು. ಫ್ರಿಜ್ಜಿಗೆ ಇನ್ನೂ ಕರೆಂಟ್ ಕೊಟ್ಟೇ ಇಟ್ಟಿದ್ದೀನಿ. ರಿಯಾಯಿತಿ ಬೇಡ ಬಿಡಿ, ಪೂರ್ತಿ ಕಟ್ತೀನಿ."

ಸ್ವಲ್ಪ ಹೊತ್ತು ಯಾರಿಗೂ ಮಾತು ಹೊಳೆಯಲಿಲ್ಲ. ಕಿಟ್ಟಿ ಕೂಡ ಚಪ್ಪಲಿ ನೋಡಿಕೊಂಡ. ವಿಶ್ವ ಗಂಟಲು ಸರಿ ಮಾಡಿಕೊಂಡು ಸಭೆಗೆ ಮಾಡಿದ ಬಣ್ಣದ ಚಿತ್ರ ತೆರೆದ. ಹೋಳುಹೋಳಾದ ಕೇಕಿನಂಥದ್ದು, ಏಳು ಬಣ್ಣ.

"ಇದನ್ನ ಗೋಡೆ ಮೇಲೆ ಬಿಟ್ಟರೆ ಯಾವ ಹೋಳು ಯಾರದ್ದು ಅಂತ ಜಗಳ ಶುರುವಾಗುತ್ತೆ," ಎಂದಳು ಪದ್ದಕ್ಕ. "ಜನ ಕೇಳೋದು ಎರಡೇ: ನನಗೆಷ್ಟು ಜಾಸ್ತಿ, ಯಾಕೆ ಜಾಸ್ತಿ. ಅಷ್ಟನ್ನ ಒಂದೇ ಹಾಳೆಯಲ್ಲಿ ಬರೆದು, ಲೆಕ್ಕಪತ್ರದ ಜೊತೆ ಸಭೆಗೆ ಮುಂಚೇನೇ ಮನೆಮನೆಗೆ ಕೊಡು. ಬರ್ಕೋ."

ವಿಶ್ವ ಬರೆದುಕೊಂಡ. 1,100 ಚದರಡಿಯ ಮನೆಗೆ ಈಗ 3,300, ಇನ್ನು ಮುಂದೆ 3,850. ಏರಿದ 50 ಪೈಸೆಯಲ್ಲಿ 11 ಪೈಸೆ ಹೋದ ವರ್ಷದಂಥ ಕೊರತೆ ಮತ್ತೆ ಆಗದಿರಲು. 10 ಪೈಸೆ ಗಾರ್ಡು, ಕ್ಲೀನಿಂಗಿನವರ ಸಂಬಳಕ್ಕೆ. ಲಿಫ್ಟ್, ಡೀಸೆಲ್ಲು ಇತ್ಯಾದಿಗೆ 3. ಬಣ್ಣಕ್ಕೆ 20. ಉಳಿದ 6 ಪೈಸೆ ಮೋಟರು ಸುಟ್ಟರೆ ಇರಲಿ ಅಂತ. ಅದರ ಕೆಳಗೆ ಪದ್ದಕ್ಕ ಇನ್ನೊಂದು ಸಾಲು ಬರೆಸಿದಳು: ಬಣ್ಣದ ನಿಧಿ ಈಗ ಬೇಡ ಅನ್ನೋದಾದರೆ 30 ಪೈಸೆ ಸಾಕು, ಆಗ ಐದನೇ ವರ್ಷ ಈ ಮನೆಯವರು ಒಂದೇ ಸಲ ಸುಮಾರು 13,400 ಕಟ್ಟಬೇಕಾಗುತ್ತದೆ. ಯಾವುದು ಅಂತ ಸಭೆಯೇ ಕೈ ಎತ್ತಲಿ.

"ಇದು ಹೆದರಿಸೋದು," ಎಂದ ಕಿಟ್ಟಿ.

"ಮುಂಚೆ ಹೇಳಿದರೆ ಲೆಕ್ಕ. ಆಮೇಲೆ ಹೇಳಿದರೆ ಹೆದರಿಸೋದು."

ಕಿಟ್ಟಿ ಹಾಳೆಯನ್ನು ಎರಡು ಸಲ ಓದಿದ. ಕೂಡಿದ. 50 ಸರಿಯಾಗಿ ಬಂತು, ಅದಕ್ಕೂ ಬೇಜಾರಾಯಿತು. ಕೊನೆಗೆ ಸಭೆಯ ಖರ್ಚಿನ ಸಾಲು ಕಣ್ಣಿಗೆ ಬಿತ್ತು.

"ಸಭೆ ದಿನ ಕಾಫಿ, ಬೋಂಡಕ್ಕೆ 3,000 ಹಾಕಿದ್ದೀರಿ. ನಾನು ಸಭೆಗೇ ಬರಲ್ಲ. ನನ್ನ ಪಾಲಿನ 50 ರೂಪಾಯಿ ಕಳೀರಿ."

"ಕಳೀತೀವಿ," ಎಂದಳು ಪದ್ದಕ್ಕ. "ಬೋಂಡ ಮಾತ್ರ ಹೋದ ಸಲದ ಹಾಗೆ ಮನೆಗೆ ಕಟ್ಟಿಸ್ಕೊಂಡು ಹೋಗಬೇಡಿ."