ಎಂಜಿನ್ ‘ಫ್ಲಶ್’ಗೆ ‘ತೊಳೆ’ ಅನ್ನಬಹುದೇ?

ಮೈಸೂರಿನಿಂದ, ಪ್ರಶ್ನೆ: ಹಳೆಯ ಮಾರುತಿ 800ಕ್ಕೆ ಮಿನರಲ್ ಆಯಿಲ್ ಬಿಟ್ಟು ಸಿಂಥೆಟಿಕ್ ಹಾಕುವ ಕ್ರಮವನ್ನು ಗ್ಯಾರೇಜ್ ಹುಡುಗರಿಗೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮೊದಲು ಫ್ಲಶ್ ಹಾಕಿ ಎಂಜಿನ್ ತೊಳೆಯಿರಿ’ ಎಂದಿದ್ದೇನೆ. ‘ತೊಳೆ’ ಸರಿಯೇ, ‘ಜಾಲಿಸು’ ಮೇಲೋ?

ಹಾಸನದಿಂದ: ತೊಳೆಯುವ ಮುಂಚೆ ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಎಂದೂ ಸೇರಿಸಿ. ನಮ್ಮ ಗಾಡಿಗೆ ನೀರು ಹೊಕ್ಕು ಸ್ಟಾರ್ಟೇ ಆಗಲಿಲ್ಲ.

ಹುಬ್ಬಳ್ಳಿಯಿಂದ: ‘ತೊಳೆ’ ಯಾಕೆ ಬೇಡ ಅನ್ನೋದಕ್ಕ ಹಾಸನದವರ ಉತ್ತರನ ಸಾಕು. ಓದಿದವರು ಹೊರಗ ನೀರು ಹೊಡೀತಾರ. ‘ಜಾಲಿಸು’ ಅಂದ್ರ ಆಗಲೇ ತೊಳೆದ ಪಾತ್ರೆಗೆ ನೀರಾಡಿಸೋದು. ಫ್ಲಶ್ ಮಾಡೋ ಕೆಲಸ ಎರಡೂ ಅಲ್ಲ. ಹಳೇ ಆಯಿಲ್ ಇರೋವಾಗನ ಅದರೊಳಗ ಫ್ಲಶ್ ದ್ರವ ಸುರಿದು, ಬಿಸಿ ಎಂಜಿನ್ನನ್ನ ಡಬ್ಬದ ಮ್ಯಾಲೆ ಬರೆದಷ್ಟು, ಸಾಮಾನ್ಯವಾಗಿ 10–15 ನಿಮಿಷ, ಐಡಲ್‌ನಲ್ಲಿ ಬಿಡ್ತಾರ. ಆಯಿಲ್ ತೆಳುವಾಗಿರತದ, ಹಂಗಾಗಿ ರೇಸ್ ಮಾಡಬಾರದು, ಗಾಡಿ ಓಡಿಸಬಾರದು. ಗೋಡೆಗೆ ಅಂಟಿದ ಗಸಿ ಆಗ ಸಡಿಲಾಗತದ. ತೆಳು ಗಸಿ ಕರಗಿ ಡ್ರೈನ್‌ನಿಂದ ಹೋಗತದ. ದಪ್ಪ ಗಸಿ ಚೂರಾಗಿ ಎಂಜಿನ್ ತಳದ ಆಯಿಲ್ ಸಂಪಿನೊಳಗಿನ ಜಾಳಿಗಿಗೆ ಕೂತು ಆಯಿಲ್ ಏರೋ ದಾರಿನ ಕಟ್ಟತದ. ಆಯಿಲ್ ದೀಪ ಮಿಣುಕಿದ್ರ ತಕ್ಷಣ ಎಂಜಿನ್ ಆರಿಸ್ರಿ. ನನ್ನ ಕೇಳಿದ್ರ ‘ಕದಡು’ ಅನ್ನೋದ ನಿಜವಾದ ಪದ.

ಶಿವಮೊಗ್ಗದಿಂದ: ಹಾಗೆಂದು ಫ್ಲಶ್ ಬಿಡುವಂತಿಲ್ಲ. ಉಳಿದ ಮಿನರಲ್ ಜೊತೆ ಸಿಂಥೆಟಿಕ್ ಬೆರೆತರೆ ಹೆಪ್ಪುಗಟ್ಟುತ್ತದೆ. ಹಳೆಯ ಸೀಲುಗಳೂ ಸೋರುತ್ತವೆ.

ಹುಬ್ಬಳ್ಳಿಯಿಂದ: ಸೀಲಿನ ಮಾತು ಅರ್ಧ ನಿಜ. ಗಟ್ಟಿಯಾದ ಸೀಲಿನ ಸಂದಿ ಮುಚ್ಚಿದ್ದ ಗಸಿ ಹೋದ್ರ ಸೋರಿಕೆ ಕಾಣಸತದ; ಅದು ಫ್ಲಶ್‌ನಿಂದನೂ ಆಗಬಹುದು. ಹೆಪ್ಪುಗಟ್ಟೋದು ಮಾತ್ರ ಸುಳ್ಳು. ಎರಡೂ ಬೆರೀತಾವ, ಅದಕ್ಕಂತನ ಸೆಮಿ ಸಿಂಥೆಟಿಕ್ ಮಾರ್ತಾರ. ಮೊದಲು ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡ್ರಿ. ಲೋಹಕ್ಕ ಜೇನುಬಣ್ಣದ ಲೇಪ ಅಷ್ಟೇ ಇದ್ರ ಫ್ಲಶ್ ಬ್ಯಾಡ. ಬಿಸಿ ಇದ್ದಾಗ ಹಳೇದನ್ನ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಕೈಪಿಡಿ ಹೇಳಿದ ಗ್ರೇಡಿನ ಸಿಂಥೆಟಿಕ್ ಹಾಕಿ, ಮೊದಲ ಸಲ 2000 ಕಿ.ಮೀ.ಗೇ ಆಯಿಲ್, ಫಿಲ್ಟರ್ ಎರಡನ್ನೂ ಮತ್ತ ಬದಲಿಸ್ರಿ. ಡಾಂಬರಿನಂಗ ಕಪ್ಪು ಪೇಸ್ಟ್ ಕೂತಿದ್ರ ಡಬ್ಬ ಮುಟ್ಟಬ್ಯಾಡ್ರಿ; ಸಂಪ್ ಬಿಚ್ಚಿ ಜಾಳಿಗಿ ಕೈಯಿಂದನ ಉಜ್ಜಬೇಕು.

ಶಿವಮೊಗ್ಗದಿಂದ: ನಡುವಿನ ಸ್ಥಿತಿಗೆ? ಸ್ವಲ್ಪ ಕಪ್ಪು, ಪೇಸ್ಟ್ ಇಲ್ಲ?

ಹುಬ್ಬಳ್ಳಿಯಿಂದ: ಅಲ್ಲಿ ಮೆಕ್ಯಾನಿಕ್‌ಗಳಲ್ಲೇ ಒಮ್ಮತ ಇಲ್ಲ. ನಾನಂತೂ ಹಾಕೂದಿಲ್ಲ.

ಮೈಸೂರಿನಿಂದ: ಸರಿ, ‘ತೊಳೆಯಿರಿ’ ಸಾಲು ತೆಗೆದೆ, ಮುಚ್ಚಳ ತೆಗೆದು ನೋಡುವುದನ್ನು ಸೇರಿಸಿದೆ. ‘ಗಸಿ’ ಪದವನ್ನೂ ಇಡುತ್ತೇನೆ.

ಮಂಗಳೂರಿನಿಂದ: ಇಲ್ಲಿ ಗಸಿ ಅಂದರೆ ಕೋಳಿ ಸಾರು ಮಾರಾಯ್ರೆ. ‘ಜಿಡ್ಡುಕೆಸರು’ ಅಂತ ಬರೆಯಿರಿ.