ಹೂಮೊಗ್ಗಿನಲ್ಲಿ ಕಂಡದ್ದು 8, ಲೆಕ್ಕ 16 ಹೇಗೆ?

ಮೇಘನಾ (ಪ್ರಥಮ ಪಿಯು): ಈರುಳ್ಳಿ ಬೇರಿನ ತುದಿಯ ಸ್ಲೈಡಿನಲ್ಲಿ 16 ವರ್ಣತಂತು ಎಣಿಸಿದೆ. ಈರುಳ್ಳಿ ಹೂಮೊಗ್ಗಿನ ಸ್ಲೈಡಿನಲ್ಲಿ, ಮೆಟಾಫೇಸ್ 1ರ ಕೋಶದಲ್ಲಿ, 8 ಕಂಡಿತು. ಮಿಯಾಸಿಸ್‌ನಲ್ಲಿ ಅರ್ಧ ಆಗುತ್ತದಲ್ಲ, ಅದಕ್ಕೆ ರೆಕಾರ್ಡಿನಲ್ಲಿ 8 ಎಂದೇ ಬರೆದೆ. ತಪ್ಪು ಹಾಕಿದ್ದಾರೆ. ಕೊನೆಗೆ ಉಳಿಯೋದೂ 8 ತಾನೇ? ಮೊದಲೇ 8 ಆಗಿದ್ದರೆ ಎರಡನೇ ವಿಭಜನೆಯಲ್ಲಿ 4 ಯಾಕೆ ಆಗಲ್ಲ?

ಪ್ರವೀಣ್ (ಟ್ಯೂಷನ್ ಮಾಡುತ್ತೇನೆ): ಮೊದಲ ವಿಭಜನೆಯಲ್ಲಿ ಜೋಡಿಗಳು ಬಿಡಿಸಿಕೊಳ್ಳುತ್ತವೆ, ಅಷ್ಟೇ. ಎರಡನೆಯದರಲ್ಲಿ ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ, ಅರ್ಧ ಆಗೋದು ಅಲ್ಲಿ. ಮೊದಲ ವಿಭಜನೆ ಮುಗಿದ ಮೇಲೂ ಪ್ರತಿ ಕೋಶದಲ್ಲಿ 16 ಎಳೆ ಇರುತ್ತವೆ. ಹಾಗಾಗಿ ಅಲ್ಲಿಯವರೆಗೂ 16 ಎಂದೇ ಬರಿ.

ಶರಣಪ್ಪ (ಸಸ್ಯಶಾಸ್ತ್ರ ಉಪನ್ಯಾಸಕ): ಪ್ರವೀಣ್ ಹೇಳಿದ 16 ಎಳೆ ನಿಜ, ಆದರೆ ಅವು ಕ್ರೊಮ್ಯಾಟಿಡ್‌ಗಳು, ವರ್ಣತಂತುಗಳಲ್ಲ. ವರ್ಣತಂತು ಎಣಿಸುವಾಗ ಎಳೆ ನೋಡಬಾರದು, ಸೆಂಟ್ರೋಮಿಯರ್ ನೋಡಬೇಕು. ಒಂದು ಸೆಂಟ್ರೋಮಿಯರ್‌ಗೆ ಒಂದು ವರ್ಣತಂತು, ಅದಕ್ಕೆ ಒಂದೇ ಎಳೆ ಇರಲಿ, ಎರಡಿರಲಿ.

ಈಗ ಮೇಘನಾಳ ಕೋಶಕ್ಕೆ ಬರೋಣ. ಮೆಟಾಫೇಸ್ 1ರಲ್ಲಿ ಕಾಣುವ ಆ 8 ತುಂಡುಗಳು ವರ್ಣತಂತುಗಳಲ್ಲ, ಬೈವೇಲೆಂಟ್‌ಗಳು. ತಾಯಿ ಗಿಡದಿಂದ ಬಂದ ಒಂದು, ತಂದೆ ಗಿಡದಿಂದ ಬಂದ ಇನ್ನೊಂದು ಕೂಡಿಕೊಂಡಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಒಂದೇ ಮುದ್ದೆಯಂತೆ ತೋರುತ್ತವೆ. ಸರಿಯಾಗಿ ಒತ್ತಿದ ಸ್ಲೈಡಾದರೆ ಕೆಲವು ಉಂಗುರದಂತೆ, ಕೆಲವು ಅಡ್ಡ ಗೆರೆ ಹಾಕಿದಂತೆ ಕಾಣುತ್ತವೆ. ಪ್ರತಿ ಮುದ್ದೆಯಲ್ಲೂ ಎರಡು ಸೆಂಟ್ರೋಮಿಯರ್ ಇದೆ, ಅಂದರೆ ಒಟ್ಟು 16. ಬೇರಿನ ತುದಿಯ ಮೆಟಾಫೇಸ್‌ನಲ್ಲೂ 16. ಇಲ್ಲಿಯವರೆಗೆ ಎರಡು ವಿಭಜನೆಗಳಿಗೂ ಸಂಖ್ಯೆಯಲ್ಲಿ ವ್ಯತ್ಯಾಸವೇ ಇಲ್ಲ. ಬೇರಿನಲ್ಲಿ ಆ 16 ಬಿಡಿಬಿಡಿಯಾಗಿ ಸಾಲು ನಿಂತಿರುತ್ತವೆ, ಹೂವಿನಲ್ಲಿ ಜೋಡಿಜೋಡಿಯಾಗಿ.

ದಾರಿ ಕವಲೊಡೆಯುವುದು ಅನಾಫೇಸ್‌ನಲ್ಲಿ. ಬೇರಿನ ಕೋಶದಲ್ಲಿ ಸೆಂಟ್ರೋಮಿಯರ್‌ಗಳು ಸೀಳುತ್ತವೆ. 16 ಇದ್ದದ್ದು ಆ ಕ್ಷಣಕ್ಕೆ 32 ಆಗಿ, ಆ ಕಡೆಗೆ 16, ಈ ಕಡೆಗೆ 16 ಹೋಗುತ್ತವೆ. ಹೂವಿನ ಕೋಶದ ಅನಾಫೇಸ್ 1ರಲ್ಲಿ ಸೆಂಟ್ರೋಮಿಯರ್ ಸೀಳುವುದಿಲ್ಲ. ಜೋಡಿ ಬಿಟ್ಟು, ಇಡೀ ವರ್ಣತಂತುಗಳೇ 8 ಆ ಕಡೆ, 8 ಈ ಕಡೆ ಸರಿಯುತ್ತವೆ. ಅರ್ಧವಾಗುವುದು ಇಲ್ಲೇ. ಎರಡನೇ ವಿಭಜನೆ ಬೇರಿನದರ ಹಾಗೆಯೇ: 8 ಸೀಳಿ 16 ಆಗಿ, 8–8 ಹಂಚಿಹೋಗುತ್ತವೆ. ಸೀಳಿದ ಮೇಲೆ ಹಂಚಿದ್ದರಿಂದ 4 ಆಗುವ ಪ್ರಶ್ನೆಯೇ ಇಲ್ಲ. ಒಂದು ಮಾತೃಕೋಶದಿಂದ ನಾಲ್ಕು ಕೋಶ, ಒಂದೊಂದರಲ್ಲೂ 8.

ಪ್ರವೀಣ್: ಸರ್, ಎರಡನೆಯದರಲ್ಲಿ ಏನೂ ಅರ್ಧ ಆಗಲ್ಲ ಅಂದರೆ ಅದು ಇರೋದಾದರೂ ಯಾಕೆ?

ಶರಣಪ್ಪ: ಡಿಎನ್‌ಎ ಅರ್ಧ ಆಗುತ್ತದೆ, ನೀವು ಹಿಡಿದ ಎಳೆ ಅದೇ. ವಿಭಜನೆಗೆ ಮೊದಲು ಎಸ್ ಹಂತದಲ್ಲಿ ಡಿಎನ್‌ಎ ಒಮ್ಮೆ ನಕಲಾಗಿ 2C ಇದ್ದದ್ದು 4C ಆಗಿರುತ್ತದೆ. ಬೇರಿನಲ್ಲಿ ಒಂದೇ ವಿಭಜನೆ, ಮತ್ತೆ 2C. ಹೂವಿನಲ್ಲಿ ಮೊದಲ ವಿಭಜನೆಯ ನಂತರ 2C, ಎರಡನೆಯದರ ನಂತರ 1C. ಡಿಎನ್‌ಎ ಎರಡು ಸಲ ಇಳಿಯುತ್ತದೆ, ವರ್ಣತಂತು ಸಂಖ್ಯೆ ಒಂದೇ ಸಲ. ಈ ಎರಡು ಲೆಕ್ಕಗಳನ್ನು ಒಂದೇ ಕಾಲಂನಲ್ಲಿ ಬರೆದರೆ ಗೊಂದಲವಾಗದೆ ಇನ್ನೇನು.

ಗಣಪತಿ (ಶಿರಸಿ ಕಡೆ, ಜೇನು ಸಾಕಣೆ): ನಡುವೆ ಬಾಯಿ ಹಾಕ್ತಿದ್ದೇನೆ. ತುಡುವೆ ಜೇನಿನ ಗಂಡು ಹುಳಕ್ಕೆ ಅಪ್ಪ ಇಲ್ಲ, ಮೊದಲಿಗೇ ಅರ್ಧ ಅಂತಾರೆ. ಮಿಯಾಸಿಸ್ ಅಂದರೆ ಅರ್ಧ ಮಾಡೋದು ಅಂತಾದರೆ ಗಂಡಿನ ವೀರ್ಯಾಣುವಿನಲ್ಲಿ ಕಾಲು ಭಾಗ ಇರಬೇಕಲ್ಲ? ಮತ್ತೆ ರಾಣಿಯ ಮೊಟ್ಟೆಯ ಜೊತೆ ಸೇರಿ ಕೆಲಸಗಾರ ಹುಳದಲ್ಲಿ ಪೂರ್ತಿ ಹೇಗಾಗುತ್ತೆ?

ಶರಣಪ್ಪ: ಗಣಪತಿಯವರೇ, ಮೇಘನಾ ಕೇಳಿದ್ದು ಬೇರೆಯಾದರೂ ನಿಮ್ಮ ಹುಳ ಅದಕ್ಕೇ ಸಾಕ್ಷಿ ಹೇಳುತ್ತದೆ. ರಾಣಿ ಮತ್ತು ಕೆಲಸಗಾರ ಹುಳಗಳಲ್ಲಿ 32, ಗಂಡಿನಲ್ಲಿ 16. ಗಂಡಿನಲ್ಲಿ ಪ್ರತಿ ವರ್ಣತಂತುವೂ ಒಂಟಿ, ಜೋಡಿಯಾಗಲು ಜೊತೆಗಾರನೇ ಇಲ್ಲ. ಜೋಡಿ ಇಲ್ಲದ ಮೇಲೆ ಬಿಡಿಸುವುದೇನನ್ನು? ಅಲ್ಲಿ ಮೊದಲ ವಿಭಜನೆ ಶುರುವಾದಂತೆ ಮಾಡಿ, ನ್ಯೂಕ್ಲಿಯಸ್ ಇಲ್ಲದ ಚಿಕ್ಕದೊಂದು ಮೊಗ್ಗನ್ನು ಹೊರಹಾಕಿ ನಿಂತುಬಿಡುತ್ತದೆ. ಎರಡನೆಯದು ಮಾತ್ರ ನಡೆಯುತ್ತದೆ, ವೀರ್ಯಾಣುವಿನಲ್ಲೂ 16 ಉಳಿಯುತ್ತದೆ. ರಾಣಿಯ ಮೊಟ್ಟೆಯ 16 ಸೇರಿದರೆ ಕೆಲಸಗಾರ ಹುಳದ 32. ಅರ್ಧ ಮಾಡುವುದು ಜೋಡಿ ಬಿಡಿಸುವ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಮೇಘನಾ: ಅರ್ಥವಾಯಿತು ಸರ್. ಆದರೆ ಸ್ಲೈಡಿನಲ್ಲಿ 8 ತುಂಡು ಕಂಡರೆ ಅವು ಮೆಟಾಫೇಸ್ 1ರ ಬೈವೇಲೆಂಟ್‌ಗಳೋ, ಮೆಟಾಫೇಸ್ 2ರ ವರ್ಣತಂತುಗಳೋ, ಹೇಗೆ ತಿಳಿಯೋದು? ಅದೇ ಸ್ಲೈಡಿನ ಅಂಚಿನಲ್ಲಿ ಒಂದು ಕೋಶದಲ್ಲಿ ಬಿಡಿಬಿಡಿಯಾಗಿ 16 ಇತ್ತು.

ನಾಗವೇಣಿ (ಕಾಲೇಜು ಪ್ರಯೋಗಾಲಯ): ಇದನ್ನು ನಾನು ಹೇಳ್ತೀನಿ. ಕೋಶ ಒಂಟಿಯಾಗಿದೆಯೋ ಜೋಡಿಯಾಗಿದೆಯೋ ನೋಡಮ್ಮ. ಈರುಳ್ಳಿಯಲ್ಲಿ ಮೊದಲ ವಿಭಜನೆ ಮುಗಿದ ತಕ್ಷಣ ನಡುವೆ ಗೋಡೆ ಬರುತ್ತದೆ. ಒಂದೇ ದೊಡ್ಡ ದುಂಡು ಕೋಶದಲ್ಲಿ 8 ಇದ್ದರೆ ಅವು ಬೈವೇಲೆಂಟ್. ಬೇಳೆಯ ಎರಡು ಹೋಳಿನ ಹಾಗೆ ಅಂಟಿಕೊಂಡ ಎರಡು ಕೋಶಗಳು, ಒಂದೊಂದರಲ್ಲೂ 8 ಇದ್ದರೆ ಮೆಟಾಫೇಸ್ 2.

ಅಂಚಿನ ಕೋಶ ಬಹುಶಃ ಪರಾಗಕೋಶದ ಹೊರಪದರದ್ದು. ಅದು ಗಿಡದ ಮೈಯ ಕೋಶ, ಅಲ್ಲಿ ನಡೆಯೋದು ಮೈಟಾಸಿಸ್. ಹೂವಿನಿಂದ ತೆಗೆದದ್ದೆಲ್ಲ ಮಿಯಾಸಿಸ್ ಎಂದುಕೊಂಡರೆ ಅಲ್ಲೇ ಎಡವುತ್ತೇವೆ. ಮುಂದಿನ ಸಲ ಮೊಗ್ಗನ್ನು ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಒಂದು ದಿನ ಇಟ್ಟು, ಪರಾಗಕೋಶವನ್ನು ಮಾತ್ರ ಬಿಡಿಸಿಕೊ. ಅಸಿಟೋಕಾರ್ಮಿನ್ ಹನಿಯಲ್ಲಿ ಸೂಜಿಯಿಂದ ಜಜ್ಜಿ, ಸಿಪ್ಪೆಯನ್ನೆಲ್ಲ ಎತ್ತಿ ಬಿಸಾಡಿ, ಆಮೇಲೆ ಕವರ್‌ಸ್ಲಿಪ್ ಇಡು. ಪರಾಗಕೋಶ ಹಳದಿ ಬಣ್ಣಕ್ಕೆ ತಿರುಗಿದ್ದರೆ ತಡವಾಗಿದೆ, ಬರೀ ಪರಾಗ ಸಿಗುತ್ತದೆ. ಗೊಂಚಲಿನಲ್ಲಿ ಇನ್ನೂ ಚಿಕ್ಕ ಮೊಗ್ಗು ಹುಡುಕು.

ಪ್ರವೀಣ್: ನನ್ನ 16 ತಪ್ಪು, ಒಪ್ಪಿದೆ. ಆದರೆ "ಅನಾಫೇಸ್ 2ರಲ್ಲಿ ಒಂದು ಧ್ರುವದ ಕಡೆ ಎಷ್ಟು ಕ್ರೊಮ್ಯಾಟಿಡ್?" ಎಂಬ ಪ್ರಶ್ನೆಗೆ ಏನು ಬರೆಸೋದು? ಒಂದು ಉತ್ತರಪಟ್ಟಿಯಲ್ಲಿ 8 ಇತ್ತು, ಇನ್ನೊಂದರಲ್ಲಿ 0.

ಶರಣಪ್ಪ: ಸೀಳಿದ ಮೇಲೆ ಅದನ್ನು ಕ್ರೊಮ್ಯಾಟಿಡ್ ಎನ್ನಬಾರದು ಎನ್ನುವವರು 0 ಕೊಡುತ್ತಾರೆ. ಒಂದೆಳೆಯ ವರ್ಣತಂತುವನ್ನೂ ಒಂದು ಕ್ರೊಮ್ಯಾಟಿಡ್ ಎಂದೇ ಎಣಿಸುವವರು 8 ಕೊಡುತ್ತಾರೆ. ನಾನು ಮೊದಲನೆಯವರ ಪಕ್ಷ.

ನಾಗವೇಣಿ: ನಾನು ಎರಡನೆಯವರ ಪಕ್ಷ ಸರ್. ಮೇಘನಾ, ನೀನು "ಒಂದೆಳೆಯ ವರ್ಣತಂತು 8" ಎಂದು ಬಿಡಿಸಿ ಬರಿ. ರೆಕಾರ್ಡಿನಲ್ಲಿ ಮೆಟಾಫೇಸ್ 1ರ ಚಿತ್ರದ ಕೆಳಗೆ "8 ಬೈವೇಲೆಂಟ್, 2n = 16" ಎಂದು ತಿದ್ದು.